ಬಿಲ್ಲಿನ ಮೂರು ಸಾಲುಗಳು: ಸಣ್ಣ ಖರೀದಿದಾರನು ಹಣ ತೆರುವ ಮುನ್ನ ನೋಡಬೇಕಾದುವು

ಬೆಳಗಾವಿಯಲ್ಲಿ ಮೆಣಸಿನ ಪುಡಿ ಹಾಗೂ ಮಸಾಲೆ ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅದರ ಮಾಲೀಕರು ಪೊಟ್ಟಣಗಳನ್ನು ತುಂಬಿ ಕಳುಹಿಸಲು ಬೇಕಾದ ರಟ್ಟಿನ ಪೆಟ್ಟಿಗೆಗಳನ್ನು ಕೊಲ್ಹಾಪುರದ ತಯಾರಕರೊಬ್ಬರಿಂದ ತರಿಸುತ್ತಾರೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ತಮ್ಮದೇ ಟೆಂಪೋ ಕಳುಹಿಸಿ 2,000 ಪೆಟ್ಟಿಗೆಗಳನ್ನು ತರಿಸಿದರು. ಪೆಟ್ಟಿಗೆಯೊಂದಕ್ಕೆ 24 ರೂಪಾಯಿಯಂತೆ 48,000 ರೂಪಾಯಿ, ಕಟ್ಟುವ ಹಾಗೂ ಹೇರುವ ಖರ್ಚು 2,000 ರೂಪಾಯಿ, ಒಟ್ಟು 50,000 ರೂಪಾಯಿ. ಇದರ ಮೇಲೆ ಬಿಲ್ಲಿನಲ್ಲಿ ಹೀಗೆ ಬರೆದಿತ್ತು: ಎಚ್‌ಎಸ್‌ಎನ್ ಸಂಕೇತ 4808, ಪೂರೈಕೆಯ ಸ್ಥಳ ಮಹಾರಾಷ್ಟ್ರ, ಸಿಜಿಎಸ್‌ಟಿ ಶೇ. 9ರಂತೆ 4,500 ರೂಪಾಯಿ, ಎಸ್‌ಜಿಎಸ್‌ಟಿ ಶೇ. 9ರಂತೆ 4,500 ರೂಪಾಯಿ. ಒಟ್ಟು 59,000 ರೂಪಾಯಿ.

ಲೆಕ್ಕದ ದೃಷ್ಟಿಯಿಂದ ಈ ಬಿಲ್ಲಿನಲ್ಲಿ ಯಾವ ತಪ್ಪೂ ಇಲ್ಲ. ಗುಣಾಕಾರ ಸರಿಯಿದೆ, ಕೂಡಿಕೆ ಸರಿಯಿದೆ, ಮಾರಾಟಗಾರರ ಜಿಎಸ್‌ಟಿ ಸಂಖ್ಯೆ ಇದೆ, ಖರೀದಿದಾರರ ಸಂಖ್ಯೆಯೂ ಇದೆ. ಹೀಗಿದ್ದರೂ ತೆರಿಗೆಗೆ ಸಂಬಂಧಿಸಿದ ಮೂರು ಸಾಲುಗಳೂ ತಪ್ಪು. ಸರಿಯಾದ ಬಿಲ್ಲಿನ ಮೊತ್ತ 52,500 ರೂಪಾಯಿ ಆಗಬೇಕಿತ್ತು. ವ್ಯತ್ಯಾಸವು 6,500 ರೂಪಾಯಿ ಎಂದು ಮೇಲುನೋಟಕ್ಕೆ ತೋರಿದರೂ ಈ ಖರೀದಿದಾರರಿಗೆ ಆಗುವ ನಿಜವಾದ ನಷ್ಟ ಅದಕ್ಕಿಂತಲೂ ಹೆಚ್ಚು. ಅದು ಹೇಗೆಂಬುದನ್ನು ತಿಳಿಯಲು ಮೂರು ಸಾಲುಗಳನ್ನು ಒಂದೊಂದಾಗಿ, ಸರಿಯಾದ ಕ್ರಮದಲ್ಲಿ ಓದಬೇಕು.

ಮೊದಲು ಪೂರೈಕೆಯ ಸ್ಥಳ

ಬಹುಪಾಲು ಖರೀದಿದಾರರು ಬಿಲ್ಲನ್ನು ಕೆಳಗಿನಿಂದ, ಅಂದರೆ ಒಟ್ಟು ಮೊತ್ತದಿಂದ, ಓದತೊಡಗುತ್ತಾರೆ. ತೆರಿಗೆಯನ್ನು ಪರಿಶೀಲಿಸುವವರು ಪೂರೈಕೆಯ ಸ್ಥಳದಿಂದ ಆರಂಭಿಸುವುದು ಲೇಸು. ಏಕೆಂದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂಬ ಎರಡು ಭಾಗಗಳೋ ಅಥವಾ ಐಜಿಎಸ್‌ಟಿ ಎಂಬ ಒಂದೇ ಭಾಗವೋ ಎಂಬುದನ್ನು ತೀರ್ಮಾನಿಸುವುದು ಈ ಸಾಲೇ. ಮಾರಾಟಗಾರನಿರುವ ರಾಜ್ಯ ಮತ್ತು ಪೂರೈಕೆಯ ಸ್ಥಳವಾದ ರಾಜ್ಯ ಒಂದೇ ಆಗಿದ್ದರೆ ತೆರಿಗೆ ಎರಡು ಸಮಪಾಲಾಗುತ್ತದೆ. ಬೇರೆಯಾಗಿದ್ದರೆ ಐಜಿಎಸ್‌ಟಿ ಮಾತ್ರ ಬೀಳುತ್ತದೆ.

ಮಾರಾಟಗಾರನ ರಾಜ್ಯವನ್ನು ತಿಳಿಯುವುದು ಸುಲಭ. ಆತನ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳೇ ರಾಜ್ಯದ ಸಂಕೇತ. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಪೂರೈಕೆಯ ಸ್ಥಳದ ವಿಷಯದಲ್ಲಿಯೇ ಗೊಂದಲ ಹುಟ್ಟುವುದು. ಕೊಲ್ಹಾಪುರದ ಗುಮಾಸ್ತರ ತರ್ಕ ಹೀಗಿದ್ದಿತು: ಖರೀದಿದಾರರ ಟೆಂಪೋ ನಮ್ಮ ಕಾರ್ಖಾನೆಯ ಬಾಗಿಲಿಗೇ ಬಂದಿದೆ, ಮಾಲನ್ನು ಇಲ್ಲಿಯೇ ಒಪ್ಪಿಸಿದ್ದೇವೆ, ಆದ್ದರಿಂದ ಇದು ಮಹಾರಾಷ್ಟ್ರದೊಳಗಿನ ವ್ಯಾಪಾರ. ಕೇಳಲು ಸರಿಯೆನಿಸುವ ಈ ಮಾತನ್ನು ಕಾನೂನು ಒಪ್ಪುವುದಿಲ್ಲ. ಐಜಿಎಸ್‌ಟಿ ಕಾಯಿದೆಯ 10ನೆಯ ಪ್ರಕರಣದ ಪ್ರಕಾರ ಸರಕಿನ ಸಾಗಣೆ ಇರುವಲ್ಲಿ, ಖರೀದಿದಾರನಿಗೆ ಒಪ್ಪಿಸುವ ಸಲುವಾಗಿ ಆ ಸಾಗಣೆ ಎಲ್ಲಿ ಕೊನೆಗೊಳ್ಳುತ್ತದೆಯೋ ಅದೇ ಪೂರೈಕೆಯ ಸ್ಥಳ. ಸಾಗಿಸುವವನು ಮಾರಾಟಗಾರನಾಗಿರಬಹುದು, ಖರೀದಿದಾರನಾಗಿರಬಹುದು ಅಥವಾ ಬೇರೆ ಯಾರಾದರೂ ಆಗಿರಬಹುದು ಎಂದು ಅದೇ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಟೆಂಪೋ ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಅದು ಎಲ್ಲಿ ಬರಿದಾಯಿತು ಎಂಬುದು ಮುಖ್ಯ. ಪೆಟ್ಟಿಗೆಗಳು ಇಳಿದದ್ದು ಬೆಳಗಾವಿಯಲ್ಲಿ. ಆದ್ದರಿಂದ ಪೂರೈಕೆಯ ಸ್ಥಳ ಕರ್ನಾಟಕ, ತೆರಿಗೆ ಐಜಿಎಸ್‌ಟಿ.

ಇದಕ್ಕೆ ಸಾಕ್ಷಿಯಾಗಿ ಇ-ವೇ ಬಿಲ್ ನೆರವಾಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಸಾಗುವ ಸರಕಿನ ಮೌಲ್ಯ ತೆರಿಗೆಯೂ ಸೇರಿ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಇಲ್ಲಿ ಸರಿಯಾದ ತೆರಿಗೆ ಸೇರಿದ ಮೊತ್ತವೇ 52,500 ರೂಪಾಯಿ. ಇ-ವೇ ಬಿಲ್ಲಿನಲ್ಲಿ ಸರಕು ತಲುಪುವ ಸ್ಥಳ ಬೆಳಗಾವಿಯ ಪಿನ್ ಕೋಡ್ ಎಂದಿದ್ದು, ತೆರಿಗೆ ಬಿಲ್ಲಿನಲ್ಲಿ ಪೂರೈಕೆಯ ಸ್ಥಳ ಮಹಾರಾಷ್ಟ್ರ ಎಂದಿದ್ದರೆ ಎರಡು ಕಾಗದಗಳು ಪರಸ್ಪರ ವಿರುದ್ಧವಾಗಿ ನುಡಿಯುತ್ತಿವೆ ಎಂದೇ ಅರ್ಥ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಒಂದು ನಿಮಿಷವೂ ಬೇಡ.

ಬಿಲ್ಲಿನಲ್ಲಿ ಪೂರೈಕೆಯ ಸ್ಥಳ ಕರ್ನಾಟಕ ಎಂದೇ ಮುದ್ರಿಸಿ, ತೆರಿಗೆಯನ್ನು ಮಾತ್ರ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಒಡೆದಿರುವ ಸಂದರ್ಭಗಳೂ ಉಂಟು. ಇಂತಹ ಬಿಲ್ಲು ತನ್ನೊಳಗೇ ಹೊಂದುವುದಿಲ್ಲ. ಅದನ್ನು ನೋಡಿದೊಡನೆಯೇ ಹಿಂದಿರುಗಿಸಬೇಕು.

ಅನಂತರ ಸರಕಿನ ಸಂಕೇತ

ಎರಡನೆಯ ಸಾಲು ಎಚ್‌ಎಸ್‌ಎನ್ ಸಂಕೇತ. ನೋಂದಾಯಿತ ಖರೀದಿದಾರನಿಗೆ ಕೊಡುವ ಬಿಲ್ಲಿನಲ್ಲಿ, ಹಿಂದಿನ ವರ್ಷದ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವ ಮಾರಾಟಗಾರನು ಕನಿಷ್ಠ 4 ಅಂಕಿಗಳನ್ನು, ಅದಕ್ಕಿಂತ ಹೆಚ್ಚಿರುವವನು 6 ಅಂಕಿಗಳನ್ನು ಬರೆಯಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲ ಎರಡು ಅಂಕಿಗಳು ಅಧ್ಯಾಯವನ್ನು, ನಾಲ್ಕು ಅಂಕಿಗಳು ಸೇರಿ ಶೀರ್ಷಿಕೆಯನ್ನು ಸೂಚಿಸುತ್ತವೆ. 48ನೆಯ ಅಧ್ಯಾಯವು ಕಾಗದ ಹಾಗೂ ರಟ್ಟಿಗೆ ಸಂಬಂಧಿಸಿದ್ದು.

ಈ ಬಿಲ್ಲಿನಲ್ಲಿರುವ 4808 ಎಂಬುದು ಸುರುಳಿ ಅಥವಾ ಹಾಳೆಯ ರೂಪದಲ್ಲಿರುವ ಅಲೆರಟ್ಟಿಗೆ, ಅಂದರೆ ವ್ಯಾಪಾರದಲ್ಲಿ ಕರುಗೇಟೆಡ್ ಬೋರ್ಡ್ ಎನ್ನುವುದಕ್ಕೆ, ಅನ್ವಯಿಸುವ ಶೀರ್ಷಿಕೆ. ಅದೇ ರಟ್ಟಿನಿಂದ ಮಾಡಿದ ಪೆಟ್ಟಿಗೆ 4819ಕ್ಕೆ ಸೇರುತ್ತದೆ. ಒಂದು ಕಚ್ಚಾ ಪದಾರ್ಥ, ಇನ್ನೊಂದು ಸಿದ್ಧವಸ್ತು. 2025ರ ಸೆಪ್ಟೆಂಬರ್ 21ರವರೆಗೆ ಈ ಎರಡಕ್ಕೂ ಶೇ. 12ರ ದರವೇ ಇದ್ದುದರಿಂದ ಸಂಕೇತ ತಪ್ಪಿದರೂ ತೆರಿಗೆಯ ಮೊತ್ತ ತಪ್ಪುತ್ತಿರಲಿಲ್ಲ. ಯಾರೂ ಗಮನಿಸುತ್ತಿರಲೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದರಗಳು ಮಾರ್ಪಟ್ಟಾಗ ಪೆಟ್ಟಿಗೆ ಶೇ. 5ಕ್ಕೆ ಇಳಿಯಿತು, ಅಲೆರಟ್ಟು ಶೇ. 18ಕ್ಕೆ ಏರಿತು. ಹಳೆಯ ನಿರುಪದ್ರವಿ ತಪ್ಪೊಂದು ಅಂದಿನಿಂದ ದುಬಾರಿಯಾಯಿತು. ರಟ್ಟಿನ ಹಾಳೆಯನ್ನೂ ಪೆಟ್ಟಿಗೆಯನ್ನೂ ಮಾರುವ ತಯಾರಕರ ಬಿಲ್ಲಿಂಗ್ ಗಣಕದಲ್ಲಿ ಎರಡಕ್ಕೂ ಒಂದೇ ಸಂಕೇತ ತುಂಬಿಟ್ಟಿದ್ದರೆ, ಪ್ರತಿ ಬಿಲ್ಲಿನಲ್ಲಿಯೂ ಅದೇ ಮುದ್ರಣವಾಗುತ್ತ ಹೋಗುತ್ತದೆ.

ಪೆಟ್ಟಿಗೆಗಳು ಚಪ್ಪಟೆಯಾಗಿ ಕಟ್ಟುಕಟ್ಟಾಗಿ ಬರುತ್ತವೆ, ಹಾಗಾಗಿ ಅವು ಹಾಳೆಗಳೇ ಎಂಬ ವಾದವನ್ನು ಮಾರಾಟಗಾರರು ಮುಂದಿಡಬಹುದು. ಇದಕ್ಕೆ ಉತ್ತರ ಸರಳ. ಅಳತೆಗೆ ಕತ್ತರಿಸಿ, ಮಡಿಕೆಯ ಗೆರೆ ಮೂಡಿಸಿ, ಬಾಯಿಯ ರೆಕ್ಕೆಗಳನ್ನು ಬಿಡಿಸಿದ ವಸ್ತುವು ಮಡಚಿದೊಡನೆ ಪೆಟ್ಟಿಗೆಯಾಗುವುದಾದರೆ ಅದು ಪೆಟ್ಟಿಗೆಯೇ; ಸಾಗಣೆಯ ಅನುಕೂಲಕ್ಕಾಗಿ ಚಪ್ಪಟೆಯಾಗಿಟ್ಟ ಮಾತ್ರಕ್ಕೆ ಅದರ ವರ್ಗ ಬದಲಾಗುವುದಿಲ್ಲ. ಆದರೆ ಖರೀದಿದಾರನು ತರಿಸಿದ್ದು ಪದರಗಳ ನಡುವೆ ಹಾಸುವ ಬರಿಯ ಅಲೆರಟ್ಟಿನ ಸುರುಳಿಯಾಗಿದ್ದರೆ 4808 ಮತ್ತು ಶೇ. 18 ಎರಡೂ ಸರಿ. ಆದ್ದರಿಂದ ಸಂಕೇತವನ್ನು ಬಿಲ್ಲಿನ ವಿವರಣೆಯೊಂದಿಗೆ ಹೋಲಿಸಿದರೆ ಸಾಲದು, ಗೋದಾಮಿನಲ್ಲಿ ಇಳಿದ ಮಾಲಿನೊಂದಿಗೆ ಹೋಲಿಸಬೇಕು.

ಸಂಕೇತವನ್ನು ಹುಡುಕಲು ಜಿಎಸ್‌ಟಿ ಜಾಲತಾಣದಲ್ಲಿ Search HSN Code ಎಂಬ ಸೌಲಭ್ಯವಿದೆ. ದರವನ್ನು ಮಾತ್ರ ಅಧಿಸೂಚನೆಯಲ್ಲಿಯೇ ನೋಡುವುದು ಕ್ಷೇಮ. ಸರಕುಗಳ ಕೇಂದ್ರ ತೆರಿಗೆಯ ದರಗಳು 2025ರ ಸೆಪ್ಟೆಂಬರ್ 17ರಂದು ಹೊರಟ 9/2025ನೆಯ ಕೇಂದ್ರ ತೆರಿಗೆ (ದರ) ಅಧಿಸೂಚನೆಯಲ್ಲಿವೆ. ಅದನ್ನು ಮೊದಲ ಬಾರಿಗೆ ತೆರೆಯುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಅಲ್ಲಿನ ಮೊದಲ ಪಟ್ಟಿಯ ತಲೆಯಲ್ಲಿ ಶೇ. 2.5 ಎಂದೂ ಎರಡನೆಯದರ ತಲೆಯಲ್ಲಿ ಶೇ. 9 ಎಂದೂ ಇರುತ್ತದೆ. ಅವು ಕೇಂದ್ರದ ಅರ್ಧಪಾಲು ಮಾತ್ರ. ರಾಜ್ಯದ ಅಷ್ಟೇ ಪಾಲನ್ನು ಸೇರಿಸಿದಾಗ ಶೇ. 5 ಹಾಗೂ ಶೇ. 18 ಆಗುತ್ತದೆ.

ಕೊನೆಗೆ ತೆರಿಗೆಯ ವಿಂಗಡಣೆ

ಮೊದಲೆರಡು ಸಾಲುಗಳು ತೀರ್ಮಾನವಾದ ಮೇಲೆ ಮೂರನೆಯದು ಕೇವಲ ಅಂಕಗಣಿತ. ತೆರಿಗೆ ಬೀಳುವ ಮೌಲ್ಯ ಯಾವುದು ಎಂಬುದನ್ನು ಮೊದಲು ಗುರುತಿಸಬೇಕು. ಮಾಲನ್ನು ಒಪ್ಪಿಸುವ ಮುನ್ನ ಮಾರಾಟಗಾರನು ವಿಧಿಸುವ ಕಟ್ಟುವ, ಹೇರುವ ಖರ್ಚುಗಳು ಸರಕಿನ ಮೌಲ್ಯಕ್ಕೇ ಸೇರುತ್ತವೆ ಮತ್ತು ಸರಕಿನ ದರವೇ ಅವುಗಳಿಗೂ ಅನ್ವಯಿಸುತ್ತದೆ. ಪೆಟ್ಟಿಗೆಗೆ ಶೇ. 5 ಹಾಕಿ, ಹೇರುವ ಖರ್ಚಿಗೆ ಮಾತ್ರ ಶೇ. 18 ಹಾಕಿದ ಬಿಲ್ಲು ಬಂದರೆ ಕಾರಣ ಕೇಳಬೇಕು. ಮಾರಾಟದ ಹೊತ್ತಿನಲ್ಲಿಯೇ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನಾದರೋ ಕಳೆದೇ ತೆರಿಗೆ ಲೆಕ್ಕ ಹಾಕಬೇಕು.

ಈ ಪ್ರಕಾರ ಸರಿಯಾದ ಬಿಲ್ಲು ಹೀಗಿರಬೇಕಿತ್ತು: ಅಲೆರಟ್ಟಿನ ಪೆಟ್ಟಿಗೆ, ಸಂಕೇತ 4819, ಪೂರೈಕೆಯ ಸ್ಥಳ ಕರ್ನಾಟಕ (29), ತೆರಿಗೆ ಬೀಳುವ ಮೌಲ್ಯ 50,000 ರೂಪಾಯಿ, ಐಜಿಎಸ್‌ಟಿ ಶೇ. 5ರಂತೆ 2,500 ರೂಪಾಯಿ. ಒಟ್ಟು 52,500 ರೂಪಾಯಿ. ಮಾರಾಟಗಾರರು ಬೆಳಗಾವಿಯವರೇ ಆಗಿದ್ದರೆ ಇದೇ 2,500 ರೂಪಾಯಿ 1,250ರಂತೆ ಎರಡು ಭಾಗವಾಗುತ್ತಿತ್ತು. ಎರಡು ಪಾಲುಗಳು ಯಾವಾಗಲೂ ಸಮನಾಗಿರಬೇಕು. ಒಂದು ಪಾಲು ಮಾತ್ರ ಇದ್ದರೆ, ಅಥವಾ ಮೂರು ಹೆಸರುಗಳೂ ಒಂದೇ ಸರಕಿನ ಮೇಲೆ ಕಂಡರೆ, ಬಿಲ್ಲು ದೋಷಪೂರಿತ.

ಯಾರಿಗೆ ಎಷ್ಟು ನಷ್ಟ

ತಪ್ಪಿನ ಬೆಲೆಯು ಖರೀದಿದಾರನು ಯಾವ ವರ್ಗಕ್ಕೆ ಸೇರಿದವನು ಎಂಬುದನ್ನು ಅವಲಂಬಿಸಿದೆ. ಬೆಳಗಾವಿಯ ಘಟಕವು ಸಾಮಾನ್ಯ ಕ್ರಮದಲ್ಲಿ ನೋಂದಾಯಿತವಾಗಿದ್ದರೆ, ಸರಿಯಾದ ಬಿಲ್ಲಿನ 2,500 ರೂಪಾಯಿಯನ್ನು ಹೂಡುವಳಿ ತೆರಿಗೆಯ ಜಮೆಯಾಗಿ ಪಡೆದು ತನ್ನ ಮಾರಾಟದ ತೆರಿಗೆಗೆ ವಜಾ ಮಾಡಿಕೊಳ್ಳಬಹುದಿತ್ತು. ಪೆಟ್ಟಿಗೆಗಳ ನಿಜವಾದ ಖರ್ಚು 50,000 ರೂಪಾಯಿ ಮಾತ್ರ. ತಪ್ಪು ಬಿಲ್ಲಿನಲ್ಲಿ ಹಾಗಾಗುವುದಿಲ್ಲ. ಪೂರೈಕೆಯ ಸ್ಥಳ ಮಹಾರಾಷ್ಟ್ರ ಎಂದಾದ ಮೇಲೆ ಅಲ್ಲಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗಳನ್ನು ಕರ್ನಾಟಕದ ನೋಂದಣಿಯಲ್ಲಿ ಜಮೆ ಪಡೆಯಲು ಬರುವುದಿಲ್ಲ. ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಈ ಬಿಲ್ಲು ಜಮೆ ದೊರೆಯದ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಮಾರಾಟಗಾರನ ರಾಜ್ಯವೂ ಪೂರೈಕೆಯ ಸ್ಥಳವೂ ಒಂದೇ ಆಗಿದ್ದು ಖರೀದಿದಾರನ ರಾಜ್ಯ ಬೇರೆ ಎಂಬ ಕಾರಣವನ್ನೂ ಅಲ್ಲಿ ತೋರಿಸಲಾಗುತ್ತದೆ. ಹೀಗೆ 9,000 ರೂಪಾಯಿ ಪೂರ್ತಿ ಖರ್ಚಿಗೆ ಸೇರಿ, 24 ರೂಪಾಯಿಯ ಪೆಟ್ಟಿಗೆಯ ಮೇಲೆ ನಾಲ್ಕೂವರೆ ರೂಪಾಯಿ ಹೆಚ್ಚುವರಿ ಹೊರೆ ಬೀಳುತ್ತದೆ.

ಘಟಕವು ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್, ಪದ್ಧತಿಯಲ್ಲಿದ್ದರೆ ಜಮೆಯ ಪ್ರಶ್ನೆಯೇ ಇಲ್ಲ. ತೆರಿಗೆ ಯಾವ ಹೆಸರಿನಲ್ಲಿ ಬಿದ್ದರೂ ಅದು ಖರ್ಚೇ. ಆಗ ಮುಖ್ಯವಾಗುವುದು ದರ. ಶೇ. 5ರ ಬದಲು ಶೇ. 18 ಎಂದಾದುದರಿಂದ ಆದ ನಷ್ಟ 6,500 ರೂಪಾಯಿ, ಪೆಟ್ಟಿಗೆಗೆ ಮೂರೂಕಾಲು ರೂಪಾಯಿ. ನೋಂದಣಿಯೇ ಇಲ್ಲದ ಸಣ್ಣ ಖರೀದಿದಾರನ ಸ್ಥಿತಿಯೂ ಇದೇ. ಅಂಥವರ ವಿಷಯದಲ್ಲಿ 2023ರ ಅಕ್ಟೋಬರ್ 1ರಿಂದ ಬಿಲ್ಲಿನಲ್ಲಿ ನಮೂದಾದ ಖರೀದಿದಾರನ ವಿಳಾಸವೇ ಸರಕಿನ ಪೂರೈಕೆಯ ಸ್ಥಳವಾಗುತ್ತದೆ. ವಿಳಾಸ ನಮೂದಾಗದಿದ್ದರೆ ಮಾರಾಟಗಾರನ ಸ್ಥಳ.

ಸ್ಥಳ ಸರಿಯಾಗಿದ್ದು ದರವೊಂದೇ ತಪ್ಪಾಗಿದ್ದರೆ, ಅಂದರೆ ಐಜಿಎಸ್‌ಟಿ ಶೇ. 18ರಂತೆ 9,000 ರೂಪಾಯಿ ಬಿದ್ದಿದ್ದರೆ, ಅದು ಜಮೆಯಾಗಿ ಬರುವುದಲ್ಲ ಎಂದು ಸುಮ್ಮನಿರುವವರು ಬಹಳ. ಮಸಾಲೆ ಪುಡಿಯ ಮೇಲಿನ ತೆರಿಗೆ ಶೇ. 5 ಮಾತ್ರ. ಮಾರಾಟದಲ್ಲಿ ಬೀಳುವ ತೆರಿಗೆ ಕಡಮೆಯಿದ್ದು ಖರೀದಿಯ ತೆರಿಗೆ ಹೆಚ್ಚಾದರೆ ಜಮೆಯು ಖಾತೆಯಲ್ಲಿ ಕೂಡುತ್ತ ಹೋಗುತ್ತದೆ, ದುಡಿಯುವ ಬಂಡವಾಳ ಅಷ್ಟರಮಟ್ಟಿಗೆ ಕಟ್ಟಿಬೀಳುತ್ತದೆ. ಕಾನೂನು ವಿಧಿಸದ ತೆರಿಗೆಯ ಮೇಲೆ ಜಮೆ ಏಕೆ ಪಡೆದಿರಿ ಎಂಬ ಪ್ರಶ್ನೆಗೂ ಮುಂದೊಮ್ಮೆ ಉತ್ತರಿಸಬೇಕಾಗಬಹುದು.

ತಿದ್ದಿಸುವ ಬಗೆ

ತಪ್ಪನ್ನು ತಿದ್ದಲು ಅತ್ಯಂತ ಅಗ್ಗದ ಹೊತ್ತು ಟೆಂಪೋ ಕಾರ್ಖಾನೆಯಿಂದ ಹೊರಡುವ ಮುನ್ನ. ಬಿಲ್ಲಿನ ಚಿತ್ರವನ್ನು ದೂರವಾಣಿಯಲ್ಲಿ ತರಿಸಿಕೊಂಡು ಮೂರು ಸಾಲು ನೋಡಿದರೆ ಸಾಕು. ಮಾರಾಟಗಾರರು ಇ-ಇನ್‌ವಾಯ್ಸ್ ಕೊಡುವವರಾಗಿದ್ದರೆ ಅದನ್ನು ಆ ವ್ಯವಸ್ಥೆಯಲ್ಲಿ 24 ಗಂಟೆಗಳೊಳಗೆ ರದ್ದುಪಡಿಸಬಹುದು. ಆದರೆ ಆ ಬಿಲ್ಲಿನ ಆಧಾರದ ಮೇಲೆ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದುಮಾಡಬೇಕಾಗುತ್ತದೆ. ಇ-ಇನ್‌ವಾಯ್ಸಿನಲ್ಲಿ ಚೌಕುಳಿ ಸಂಕೇತ ಮುದ್ರಿತವಾಗಿದೆ ಎಂದಮಾತ್ರಕ್ಕೆ ದರ ಸರಿಯೆಂದು ತಿಳಿಯಬಾರದು. ಬಿಲ್ಲು ದಾಖಲಾಗಿದೆ ಎಂಬುದಕ್ಕಷ್ಟೇ ಅದು ಗುರುತು. ಪೆಟ್ಟಿಗೆಯೋ ಹಾಳೆಯೋ ಎಂಬುದನ್ನು ಗಣಕವು ಕಾಣದು.

ಮಾಲು ಬಂದು ಬಿಲ್ಲು ದಾಖಲಾದ ಮೇಲೆ ತಪ್ಪು ತಿಳಿದರೆ, ಮಾರಾಟಗಾರರು ಪೂರ್ಣ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಹೊಸ ಬಿಲ್ಲು ಮಾಡಿಕೊಡುವುದು ರೂಢಿಯ ಮಾರ್ಗ. ಖರೀದಿದಾರರು ಬರೆಯುವ ಪತ್ರ ಚಿಕ್ಕದಾಗಿದ್ದರೂ ನಿರ್ದಿಷ್ಟವಾಗಿರಬೇಕು:

“ಮಾನ್ಯರೇ, ತಮ್ಮ ಮೇಲ್ಕಂಡ ಸಂಖ್ಯೆಯ ಬಿಲ್ಲಿನ ಪ್ರಕಾರ ಬಂದ 2,000 ಅಲೆರಟ್ಟಿನ ಪೆಟ್ಟಿಗೆಗಳು ನಮ್ಮ ಬೆಳಗಾವಿ ಘಟಕದಲ್ಲಿ ಇಳಿದಿವೆ. ಆದ್ದರಿಂದ ಪೂರೈಕೆಯ ಸ್ಥಳ ಕರ್ನಾಟಕ (29) ಎಂದೂ, ಸಂಕೇತ 4819 ಎಂದೂ, ಐಜಿಎಸ್‌ಟಿ ಶೇ. 5 ಎಂದೂ ಇರಬೇಕು. ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಹಾಗೂ ಸರಿಪಡಿಸಿದ ಹೊಸ ಬಿಲ್ಲು ಕಳುಹಿಸಿಕೊಡಬೇಕಾಗಿ ವಿನಂತಿ. ಇ-ವೇ ಬಿಲ್ಲಿನ ಪ್ರತಿ ಲಗತ್ತಿಸಿದೆ.”

ಸರ್ಕಾರಕ್ಕೆ ತಪ್ಪು ಹೆಸರಿನಲ್ಲಿ ತೆರಿಗೆ ಕಟ್ಟಿಯಾಗಿದೆ, ಇನ್ನೇನೂ ಮಾಡಲಾಗದು ಎಂದು ಮಾರಾಟಗಾರರು ಹೇಳುವುದುಂಟು. ರಾಜ್ಯದೊಳಗಿನದೆಂದು ಎಣಿಸಿ ಕಟ್ಟಿದ ತೆರಿಗೆ ಅಂತರರಾಜ್ಯದ್ದೆಂದು ತಿಳಿದುಬಂದಾಗ ಸರಿಯಾದ ತೆರಿಗೆಯನ್ನು ಕಟ್ಟಿ ಮೊದಲಿನದನ್ನು ಮರುಪಾವತಿ ಪಡೆಯಲು ಸಿಜಿಎಸ್‌ಟಿ ಕಾಯಿದೆಯ 77ನೆಯ ಪ್ರಕರಣ ಅವಕಾಶ ಕೊಡುತ್ತದೆ. ಹಾಗೆ ಕಟ್ಟುವ ತೆರಿಗೆಗೆ ಬಡ್ಡಿಯೂ ಇಲ್ಲ. ಈ ಮಾತನ್ನು ಸೌಜನ್ಯದಿಂದ ತಿಳಿಸಿದರೆ ಅವರ ಹಿಂಜರಿಕೆ ಕಡಮೆಯಾದೀತು.

2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಜಾಲತಾಣದಲ್ಲಿ ಬಂದಿರುವ ಐಎಂಎಸ್ ವ್ಯವಸ್ಥೆಯಲ್ಲಿ ಖರೀದಿದಾರನು ತನ್ನ ಹೆಸರಿಗೆ ಬಂದ ಬಿಲ್ಲುಗಳನ್ನು ಒಪ್ಪಬಹುದು, ನಿರಾಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆಯೇ ಲೆಕ್ಕ. ದರ ತಪ್ಪಿದ ಐಜಿಎಸ್‌ಟಿ ಬಿಲ್ಲನ್ನು ಅಲ್ಲಿ ತಡೆಯಬಹುದಾದರೂ, ಪೂರೈಕೆಯ ಸ್ಥಳದ ಕಾರಣದಿಂದ ಜಮೆ ಸಲ್ಲದ ಬಿಲ್ಲು ಅಲ್ಲಿ ನಿಲ್ಲದೆ ನೇರವಾಗಿ ಜಮೆ ದೊರೆಯದ ಭಾಗಕ್ಕೆ ಹೋಗುತ್ತದೆ. ಆದ್ದರಿಂದ ಸ್ಥಳದ ತಪ್ಪನ್ನು ಕಾಗದದ ಮೇಲೆಯೇ ಹಿಡಿಯಬೇಕು. ಕ್ರೆಡಿಟ್ ನೋಟನ್ನು ಮಾರಾಟಗಾರರು ತಮ್ಮ ಲೆಕ್ಕಪತ್ರದಲ್ಲಿ ತೋರಿಸಲು ಆರ್ಥಿಕ ವರ್ಷ ಮುಗಿದ ಬಳಿಕ ಬರುವ ನವೆಂಬರ್ 30 ಅಥವಾ ಅವರು ವಾರ್ಷಿಕ ತಖ್ತೆ ಸಲ್ಲಿಸುವ ದಿನ, ಇವೆರಡರಲ್ಲಿ ಮೊದಲನೆಯದು ಕೊನೆಯ ಗಡುವು. 2025ರ ಡಿಸೆಂಬರಿನ ಬಿಲ್ಲಿಗೆ ಅದು 2026ರ ನವೆಂಬರ್ 30ನ್ನು ದಾಟುವುದಿಲ್ಲ.

ತಪ್ಪೆಂದು ತೋರಿದರೂ ತಪ್ಪಲ್ಲದ ಬಿಲ್ಲುಗಳು

ಹೊರರಾಜ್ಯದ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಂಡೊಡನೆ ಜಗಳಕ್ಕೆ ನಿಲ್ಲುವಂತಿಲ್ಲ. ಅದೇ ಮಾಲೀಕರು ಪೆಟ್ಟಿಗೆಯ ಮಾದರಿ ನೋಡಲು ಹೋಗಿ ಕೊಲ್ಹಾಪುರದ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿದರೆನ್ನಿ. ವಸತಿ ಸೇವೆಗೆ ಕಟ್ಟಡವಿರುವ ಸ್ಥಳವೇ ಪೂರೈಕೆಯ ಸ್ಥಳ. ಅಲ್ಲಿ ಮಹಾರಾಷ್ಟ್ರದ ತೆರಿಗೆಯೇ ಸರಿ, ಬೆಳಗಾವಿಯಲ್ಲಿ ಅದರ ಜಮೆ ಸಿಗದಿರುವುದೂ ಸರಿ. ಬಿಲ್ಲನ್ನು ತಿದ್ದಿಸುವಂತೆ ಕೇಳಿ ಫಲವಿಲ್ಲ.

ಇನ್ನೊಂದು ಸಂದರ್ಭ ಮಾಲು ಒಬ್ಬರಲ್ಲಿಗೆ, ಬಿಲ್ಲು ಇನ್ನೊಬ್ಬರಿಗೆ ಹೋಗುವಂತಹುದು. ಬೆಳಗಾವಿಯ ಮಾಲೀಕರು ಪೆಟ್ಟಿಗೆಗಳನ್ನು ತಾವು ಖರೀದಿಸಿ, ಗೋವಾದಲ್ಲಿರುವ ತಮ್ಮ ಗಿರಾಕಿಯ ಗೋದಾಮಿಗೆ ನೇರವಾಗಿ ಇಳಿಸುವಂತೆ ಕೊಲ್ಹಾಪುರದವರಿಗೆ ಸೂಚಿಸಬಹುದು. ಆಗ ಮಾಲು ತಲುಪುವ ವಿಳಾಸ ಗೋವಾ ಎಂದಿದ್ದರೂ, ಕೊಲ್ಹಾಪುರದ ಬಿಲ್ಲಿನಲ್ಲಿ ಪೂರೈಕೆಯ ಸ್ಥಳ ಕರ್ನಾಟಕ ಎಂದೇ ಇರಬೇಕು. ಸೂಚನೆ ಕೊಟ್ಟವರ ಮುಖ್ಯ ವ್ಯವಹಾರ ಸ್ಥಳವನ್ನು ಇಲ್ಲಿ ಕಾನೂನು ಪರಿಗಣಿಸುತ್ತದೆ. ಎರಡು ವಿಳಾಸಗಳು ಬೇರೆಬೇರೆ ಎಂಬುದು ತಾನಾಗಿಯೇ ದೋಷವಲ್ಲ.

ತೆರಿಗೆಯೇ ಇಲ್ಲದ ಬಿಲ್ಲೂ ಬರಬಹುದು. ಮಾರಾಟಗಾರನು ರಾಜಿ ತೆರಿಗೆ ಪದ್ಧತಿಯವನಾಗಿದ್ದರೆ ಅವನು ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತೆಯೂ ಇಲ್ಲ. ಅಂಥವನು ತೆರಿಗೆ ಸೇರಿಸಿದ ಬಿಲ್ಲು ಕೊಟ್ಟರೆ ಆ ಹಣ ಹೋದಂತೆಯೇ. ಜಾಲತಾಣದ Search Taxpayer ಎಂಬಲ್ಲಿ ಅವನ ಜಿಎಸ್‌ಟಿ ಸಂಖ್ಯೆ ನಮೂದಿಸಿದರೆ ಯಾವ ಪದ್ಧತಿಯವನು, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

ಬೆಳಗಾವಿಯ ಘಟಕಕ್ಕೆ ಮುಂದಿನ ಬಾರಿಗಿರುವ ಪರಿಹಾರ ಖರೀದಿ ಆದೇಶದಲ್ಲಿಯೇ ಇದೆ. ಪೆಟ್ಟಿಗೆಯ ಅಳತೆ, ಪದರಗಳ ಸಂಖ್ಯೆ, ದರಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದರಾಯಿತು: “ಎಚ್‌ಎಸ್‌ಎನ್ 4819, ಮಾಲು ಇಳಿಯುವ ಸ್ಥಳ ಬೆಳಗಾವಿ, ಪೂರೈಕೆಯ ಸ್ಥಳ ಕರ್ನಾಟಕ, ಐಜಿಎಸ್‌ಟಿ ಶೇ. 5.” ಬಿಲ್ಲು ಬಂದಾಗ ಆದೇಶದ ಈ ಸಾಲನ್ನು ಪಕ್ಕದಲ್ಲಿಟ್ಟು ಓದಿದರೆ, ಯಾವ ಗುಮಾಸ್ತನಾದರೂ ವ್ಯತ್ಯಾಸವನ್ನು ಗುರುತಿಸಬಲ್ಲನು. ವ್ಯತ್ಯಾಸ ಕಂಡ ಬಿಲ್ಲಿಗೆ ಚೆಕ್ಕು ಬರೆಯುವ ಬದಲು, ಹೊಸ ಬಿಲ್ಲು ಬರುವವರೆಗೆ ಅದನ್ನು ಬಾಕಿ ಕಡತದಲ್ಲಿ ಇರಿಸಬಹುದು.